ಕಿಟಕಿಗೆ ಸಿಕ್ಕಿಸಿದ ಚಮಚ

ಅಕ್ಕ ಬರೆದದ್ದು ನನ್ನ ಕಣ್ಣಿಗೆ ಬಿದ್ದಾಗ ನಾನು ಅಂಟು ತಿರುವುತ್ತಿದ್ದೆ.

ನಮ್ಮದು ಪುಸ್ತಕ ಕಟ್ಟುವ ಮನೆ. ಕೆಳಗೆ ಮುಂದುಗಡೆ ಕೆಲಸದ ಕೋಣೆ, ಹಿಂದೆ ಅಡುಗೆಮನೆ, ಮೇಲೆ ಎರಡು ಕೋಣೆ. ಬೆಳಗಾದರೆ ಮೊದಲು ಚಹಾ, ಆಮೇಲೆ ಅದೇ ಒಲೆಯ ಮೇಲೆ ಅಂಟು. ಮೈದಾ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ನೀರಿಗೆ ಸುರಿದು, ಒಂದು ಚಿಟಿಕೆ ಮೈಲುತುತ್ತ ಹಾಕಿ, ಹೊಳಪು ಬರುವವರೆಗೆ ತಿರುವುತ್ತಲೇ ಇರಬೇಕು. ಮೈಲುತುತ್ತ ಮರೆತರೆ ಜಿರಳೆಗಳು ಬಂದು ಪುಸ್ತಕದ ಬೆನ್ನು ತಿಂದು ತೇಗುತ್ತವೆ. ನಾನು ಕನಸು ಕಾಣುತ್ತಾ ಎರಡು ಸಲ ಮರೆತಿದ್ದೇನೆ. ಅದಕ್ಕೇ ಅಮ್ಮ ನನ್ನನ್ನು ಕಥೆಬುರುಕಿ ಅನ್ನುವುದು.

ಒಂದು ಕೈಯಲ್ಲಿ ತಿರುವುತ್ತಾ ಇನ್ನೊಂದು ಕೈಯಲ್ಲಿ ಫೋನ್ ನೋಡುತ್ತಿದ್ದೆ. ಹೊರದೇಶಗಳಲ್ಲಿ ದುಡಿಯುವವರು ಮನೆ ನೆನೆದು ಬರೆದುಕೊಳ್ಳುವ ಗುಂಪೊಂದಿದೆ, 'ದೂರದವರ ಪಡಸಾಲೆ' ಅಂತ. ನಲವತ್ತು ಸಾವಿರ ಜನ ಇದ್ದಾರೆ. ಅಕ್ಕ ಸೇರಿ ಎರಡು ವರ್ಷವಾಗಿತ್ತು, ಒಂದಕ್ಷರ ಬರೆದಿರಲಿಲ್ಲ. ಅವತ್ತು ಬರೆದಿದ್ದಳು:

"ನಾನು ನೋಡಿಕೊಳ್ಳುವ ಮುದುಕಮ್ಮನ ಮನೆಯಲ್ಲಿ ಕಿಟಕಿಗಳು ತೆರೆಯುವುದಿಲ್ಲ. ಗಾಜನ್ನು ಗೋಡೆಗೇ ಕೂರಿಸಿಬಿಟ್ಟಿದ್ದಾರೆ. ನಮ್ಮನೆ ಮೇಲಿನ ಕೋಣೆಯ ಕಿಟಕಿಗೆ ಅಗುಳಿ ಮುರಿದು ಹನ್ನೆರಡು ವರ್ಷ. ಅಗುಳಿ ತೂರಿಸೋ ಎರಡು ಕಬ್ಬಿಣದ ಬಳೆಗಳ ನಡುವೆ ಒಂದು ಹಳೇ ಚಮಚದ ಹಿಡಿ ಸಿಕ್ಕಿಸಿ ಮುಚ್ಚುತ್ತಿದ್ದೆವು. ಗಾಳಿ ಬಂದರೆ ಚಮಚ ಕಟಕಟ ಅನ್ನೋದು. ಅಜ್ಜಿ 'ಸುಮ್ನಿರೇ ಮಾರಾಯ್ತಿ' ಅಂತ ಅದಕ್ಕೆ ಬೈದು ಕಥೆ ಮುಂದುವರಿಸೋಳು. ಇಲ್ಲಿ ಬೈಯೋಕೂ ಏನೂ ಸದ್ದು ಮಾಡಲ್ಲ. ಮುಂದಿನ ತಿಂಗಳ ಕೊನೆಗೆ ನನ್ನ ಕರಾರು ಮುಗಿಯುತ್ತೆ. ಇನ್ನೆರಡು ವರ್ಷಕ್ಕೆ ಸಹಿ ಹಾಕಲೋ, ಪೆಟ್ಟಿಗೆ ಕಟ್ಟಲೋ ಗೊತ್ತಾಗ್ತಿಲ್ಲ. ಮನೆಯವರನ್ನ ಕೇಳಿದರೆ ನಿನ್ನಿಷ್ಟ ಅಂತಾರೆ. ಅದಕ್ಕೇ ಇದೊಂದನ್ನ ಮಾತ್ರ ಕೇಳ್ತೀನಿ. ಪುಟ್ಟಿ, ಆ ಚಮಚ ಇನ್ನೂ ಅಲ್ಲೇ ಇದೆಯೇನೇ?"

ಪುಟ್ಟಿ ಎಂದರೆ ನಾನು. ಆ ಚಮಚ ನನ್ನ ಕೈಯಲ್ಲಿತ್ತು. ಅದರಲ್ಲೇ ಅಂಟು ತಿರುವುತ್ತಿದ್ದೆ.

ಅಣ್ಣನ ಮದುವೆಯಾಗಿ ಎಂಟು ತಿಂಗಳು. ಅಕ್ಕ ಮತ್ತು ಅಜ್ಜಿ ಮಲಗುತ್ತಿದ್ದ ಮೇಲಿನ ಕೋಣೆಯನ್ನು ಅವನಿಗೂ ಅತ್ತಿಗೆಗೂ ಬಿಟ್ಟುಕೊಟ್ಟಾಗಿತ್ತು. ಇನ್ನೊಂದರಲ್ಲಿ ಅಪ್ಪ, ಅಮ್ಮ, ನಾನು. ಅತ್ತಿಗೆಯ ಬೀರು ನಿಲ್ಲಿಸಲು ಬೇರೆ ಗೋಡೆಯಿಲ್ಲವೆಂದು ಕಿಟಕಿ ಕಿತ್ತು ಇಟ್ಟಿಗೆ ಕಟ್ಟಿಸಿದರು. ಅಕ್ಕನ ಮಂಚ ಅಪ್ಪನ ಕೈಯಲ್ಲಿ ರಟ್ಟಿನ ಹಾಳೆ ಪೇರಿಸುವ ಹಲಗೆಯಾಯಿತು. ಅಜ್ಜಿ ಕೆಳಗೆ ಕೆಲಸದ ಕೋಣೆಗೆ ಇಳಿದಳು. ಒತ್ತುವ ಯಂತ್ರಕ್ಕೂ ಕಾಗದದ ರಾಶಿಗೂ ನಡುವಿನ ಜಾಗದಲ್ಲಿ ಅವಳ ಹಾಸಿಗೆ. ಅಕ್ಕ ಹೊರಡುವಾಗ ಅಮ್ಮ ಮಾತು ಕೊಟ್ಟಿದ್ದಳು, "ನಿನ್ನ ಕೋಣೇಲಿ ಒಂದು ಮೊಳೇನೂ ಕೀಳಲ್ಲ, ನೆಮ್ಮದಿಯಾಗಿ ಹೋಗಿ ಬಾ" ಅಂತ. ಇದೆಲ್ಲ ನಡೆದದ್ದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ವಿಡಿಯೋ ಕರೆ ಬಂದಾಗಲೆಲ್ಲ ಅಜ್ಜಿಯನ್ನು ಎಬ್ಬಿಸಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸುತ್ತಿದ್ದೆವು. ಅಜ್ಜಿಗೆ ಫೋನಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲ. ಏನು ಕೇಳಿದರೂ "ಚೆನ್ನಾಗಿದೀನಿ ಕಂದಾ" ಅನ್ನುತ್ತಿದ್ದಳು.

ನಾನು ಒಲೆ ಆರಿಸಿ ಅಜ್ಜಿಯ ಹಾಸಿಗೆಯ ಬಳಿ ಕೂತು, ಅವಳ ಕಿವಿಯ ಹತ್ತಿರ ಬಾಯಿಟ್ಟು ಓದಿದೆ. 'ಸುಮ್ನಿರೇ ಮಾರಾಯ್ತಿ' ಬಂದಾಗ ಅಜ್ಜಿ ನಕ್ಕಳು. ಕೊನೆಯ ಪ್ರಶ್ನೆಗೆ ನಗು ನಿಂತಿತು.

"ಉತ್ತರ ಬರಿ" ಅಂದಳು.

"ಏನಂತ ಅಜ್ಜಿ?"

"ಕೇಳಿದ್ದಕ್ಕೆ ಉತ್ತರ. ಚಮಚ ಅಂಟಿನ ಪಾತ್ರೆಗೆ ಬಿತ್ತು ಅನ್ನು. ಕಿಟಕಿ ಮುಚ್ಚಿಹೋಯ್ತು. ನಿನ್ನಜ್ಜಿ ಕೆಳಗೆ ಮಲಗ್ತಾಳೆ, ಅವಳಿಗೀಗ ಯಂತ್ರ ಬೈಯುತ್ತೆ. ಬಂದ್ರೆ ನನ್ನ ಹಾಸಿಗೇಲೇ ಅರ್ಧ ಜಾಗ ಕೊಡ್ತೀನಿ ಅನ್ನು."

"ಅಮ್ಮ ಬೈತಾಳೆ."

"ನಿಮ್ಮಮ್ಮನ್ನ ಕೇಳಿದಾಳಾ ಅವಳು? ನಿನ್ನ ಕೇಳಿದಾಳೆ."

ನಾನು ಬರೆದೆ. ಅಜ್ಜಿ ಹೇಳಿದ್ದನ್ನೇ, ನನ್ನ ಎರಡು ಮಾತು ಸೇರಿಸಿ: "ಇಲ್ಲ ಅಕ್ಕ. ಆ ಕಿಟಕಿ ಇಲ್ಲ, ಅಲ್ಲೀಗ ಗೋಡೆ. ನಿನ್ನ ಕೋಣೆ ಅಣ್ಣನಿಗಾಯಿತು. ಅಜ್ಜಿ ಕೆಳಗೆ ಕಾಗದದ ರಾಶಿಯ ಪಕ್ಕ ಮಲಗುತ್ತಾಳೆ. ಚಮಚ ಅಂಟಿಗೆ ಬಿತ್ತು, ಇದನ್ನ ಬರೆಯುವ ಮುಂಚೆ ಅದರಲ್ಲೇ ತಿರುವುತ್ತಿದ್ದೆ. ಬಾ. ಅಜ್ಜಿ ಅರ್ಧ ಹಾಸಿಗೆ ಕೊಡುತ್ತಾಳಂತೆ." ಒತ್ತಿದೆ. ಹೋಯಿತು.

ಅಕ್ಕನ ಊರಿನಲ್ಲಿ ಆಗ ನಸುಕು, ಅವಳು ಕೆಲಸಕ್ಕೆ ಇಳಿಯುವ ಹೊತ್ತು. ಕೆಲಸದ ಹೊತ್ತಿನಲ್ಲಿ ಅವಳ ಫೋನು ಮುದುಕಮ್ಮನ ಮಗಳು ಕೊಟ್ಟ ಡಬ್ಬಿಯೊಳಗಿರುತ್ತದೆ, ಮಧ್ಯಾಹ್ನದ ಬಿಡುವಿನವರೆಗೆ ನೋಡುವಂತಿಲ್ಲ. ಆದರೆ ಬೇರೆಯವರು ನೋಡುತ್ತಿದ್ದರು. ಹತ್ತು ನಿಮಿಷದಲ್ಲಿ ನನ್ನ ಉತ್ತರಕ್ಕೆ ಹನ್ನೊಂದು ಮೆಚ್ಚುಗೆ ಬಿತ್ತು. ಯಾರೋ ಅಳುವ ಮುಖ ಹಾಕಿದ್ದರು. ನನ್ನ ಜನ್ಮದಲ್ಲಿ ನಾನು ಬರೆದದ್ದನ್ನು ಹನ್ನೊಂದು ಜನ ಓದಿದ್ದು ಅದೇ ಮೊದಲು.

ಅಡುಗೆಮನೆಗೆ ಬಂದ ಅಮ್ಮ ನನ್ನ ಮುಖ ನೋಡಿಯೇ, "ಏನೇ ಅದು, ಹಲ್ಲು ಕಿಸೀತಿದೀಯ?" ಅಂದಳು. ತೋರಿಸಿದೆ. ಅಮ್ಮನಿಗೆ ಓದುವುದು ನಿಧಾನ. ತುಟಿ ಅಲ್ಲಾಡಿಸುತ್ತಾ ಓದಿದಳು. ಓದಿ ಮುಗಿಸಿ ನನ್ನ ರಟ್ಟೆಗೆ ಒಂದು ಬಿಟ್ಟಳು.

"ಊರಿಗೆಲ್ಲ ಡಂಗುರ ಹೊಡೆದ್ಯಾ? ತೆಗಿ ಇದನ್ನ!"

"ಅಕ್ಕ ಕೇಳಿದ್ಲು, ಹೇಳ್ದೆ."

"ಕೇಳಿದ್ದಕ್ಕೆಲ್ಲ ಹೇಳ್ತಾರಾ? ಅವಳು ಗಂಟುಮೂಟೆ ಕಟ್ಕೊಂಡು ಬಂದು ನಿಂತ್ರೆ ಎಲ್ಲಿ ಮಲಗಿಸ್ತೀಯ? ಮೇಲಿರೋಳಿಗೆ ಈಗ ಆರನೇ ತಿಂಗಳು. ಅಕ್ಕ ಬಂದು ಕೋಣೆ ಕೇಳಿದ್ರೆ ಅವಳು ಗಂಡನ್ನ ಕರ್ಕೊಂಡು ಬೇರೆ ಮನೆ ಮಾಡ್ತಾಳೆ. ಆಮೇಲೆ ಕತ್ತರಿ ಯಂತ್ರ ಯಾರು ಹಿಡೀತಾರೆ, ನಿಮ್ಮಪ್ಪನಾ? ಅವರ ಕೈ ನೋಡಿದೀಯಾ?"

ನೋಡಿದ್ದೆ. ಅಪ್ಪನ ಬಲಗೈ ನಡುಗಲು ಶುರುವಾಗಿ ಒಂದೂವರೆ ವರ್ಷ. ಹೊಲಿಗೆಯ ಸೂಜಿಗೆ ದಾರ ಈಗ ನಾನೇ ಪೋಣಿಸಿ ಕೊಡುತ್ತೇನೆ. ಕಾಗದದ ಅಂಚು ಸಮ ಮಾಡುವ ಕತ್ತರಿ ಯಂತ್ರದ ಬಳಿ ಅಣ್ಣ ಅವರನ್ನು ಬಿಡುವುದಿಲ್ಲ.

"ಹಾಗಾದ್ರೆ ಏನಂತ ಬರೀಲಿ?"

ಅಮ್ಮ ಚಹಾದ ಪಾತ್ರೆ ಇಟ್ಟಳು, ಇಳಿಸಿದಳು, ಮತ್ತೆ ಇಟ್ಟಳು. "ಸಮಾಧಾನ ಆಗೋ ಹಾಗೆ ಬರಿ. ಬಾ ಅಂತ ಬರೀಬೇಡ. ಬರಬೇಡ ಅಂತಲೂ ಬರೀಬೇಡ. ಎಲ್ಲ ಇದ್ದ ಹಾಗೇ ಇದೆ ಅನ್ನು. ಇದ್ದ ಹಾಗೇ ಇದೆ ಅಂದ್ರೆ ಮನಸ್ಸು ತಣ್ಣಗಾಗುತ್ತೆ, ಇನ್ನೊಂದೆರಡು ವರ್ಷ ತಳ್ತಾಳೆ. ಅಷ್ಟರಲ್ಲಿ ಮೇಲೊಂದು ಕೋಣೆ ಎತ್ತಬಹುದು."

ಅಳಿಸಿಬಿಡಬೇಕಿತ್ತು. ಅಳಿಸಿ ಹೊಸದಾಗಿ ಬರೆದಿದ್ದರೆ ಹಳೆಯದು ಯಾರಿಗೂ ಸಿಗುತ್ತಿರಲಿಲ್ಲ. ಆದರೆ ಅಳಿಸಿದರೆ ಆ ಹನ್ನೊಂದು ಮೆಚ್ಚುಗೆಯೂ ಹೋಗುತ್ತದೆ. ಅಷ್ಟರಲ್ಲಿ ಹದಿನಾಲ್ಕಾಗಿತ್ತು. ಅದಕ್ಕೇ ನಾನು 'ತಿದ್ದು' ಒತ್ತಿ, ಹಳೇ ಮಾತೆಲ್ಲ ಅಳಿಸಿ, ಅದೇ ಜಾಗದಲ್ಲಿ ಬರೆದೆ:

"ಇದೆ ಅಕ್ಕ. ಅಲ್ಲೇ ಇದೆ. ನಿನ್ನೆ ಗಾಳಿಗೆ ಕಟಕಟ ಅಂದದ್ದಕ್ಕೆ ಅಜ್ಜಿ 'ನಿನಗೂ ದೊಡ್ಡ ಮೊಮ್ಮಗಳ ಹಾಗೇ ಬಾಯಿ ಜಾಸ್ತಿ' ಅಂದಳು. ನಿನ್ನ ದಿಂಬಿನ ಮೇಲೆ ಈಗಲೂ ಮಧ್ಯಾಹ್ನದ ಬಿಸಿಲು ಬೀಳುತ್ತೆ."

ಬರೆಯುವಾಗ ಸುಳ್ಳೆಂದು ಅನ್ನಿಸಲೇ ಇಲ್ಲ. ಅಜ್ಜಿಯ ಕಥೆಗಳಲ್ಲಿ ಹೀಗೆಯೇ ಆಗುತ್ತಿತ್ತು. ಮನೆಯನ್ನೇ ಮಡಿಸಿ ಸೆರಗಿನಲ್ಲಿ ಕಟ್ಟಿಕೊಂಡು ಹೋದ ಹೆಂಗಸೊಬ್ಬಳು ಬೇಕಾದಲ್ಲಿ ಕೊಡವಿ ಹರಡಿದರೆ ಗೋಡೆ, ಒಲೆ, ಬೆಕ್ಕು ಎಲ್ಲ ಎದ್ದು ನಿಲ್ಲುತ್ತಿದ್ದವು. ನಾನೂ ಕೊಡವಿ ಹರಡಿದೆ. ಉತ್ತರದ ಕೆಳಗೆ ಸಣ್ಣ ಬೂದು ಅಕ್ಷರದಲ್ಲಿ 'ತಿದ್ದಲಾಗಿದೆ' ಎಂದು ಬಂತು. ಅಷ್ಟು ಸಣ್ಣ ಅಕ್ಷರ ಯಾರು ನೋಡುತ್ತಾರೆ ಅಂದುಕೊಂಡೆ.

ಅಜ್ಜಿ ಕೇಳಿದಾಗ ಫೋನು ಹಿಡಿದು, ಮೊದಲನೆಯದನ್ನೇ ನೆನಪಿನಿಂದ ಓದಿದ ಹಾಗೆ ಹೇಳಿದೆ.

"ಅಷ್ಟೂ ಬರೆದ್ಯಾ? ಅರ್ಧ ಹಾಸಿಗೆ ಅಂತ?"

"ಹೂಂ ಅಜ್ಜಿ."

"ಜಾಣೆ" ಎಂದು ನನ್ನ ತಲೆ ಸವರಿದಳು.

ಮಧ್ಯಾಹ್ನ ದಾಟಿದ ಮೇಲೆ ಅಕ್ಕ ನನ್ನ ಉತ್ತರದ ಕೆಳಗೆ ಬರೆದಳು: "ಹೌದಾ? ಬಿಸಿಲು ಎಷ್ಟು ಹೊತ್ತಿಗೆ ಬೀಳುತ್ತೆ ಈಗ?"

ಮುಂದಿನ ಮೂರು ವಾರ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಇದೇ ಮಾತು. ಅಕ್ಕನ ಬರಹ ಗುಂಪಿನಲ್ಲಿ ಹಬ್ಬಿಬಿಟ್ಟಿತ್ತು. ಎಲ್ಲರೂ ತಮ್ಮ ತಮ್ಮ ಮನೆಯ ಮುರುಕಲು ಸಾಮಾನು ಹೊತ್ತು ತಂದರು. ಒಬ್ಬ ಗಾರೆ ಕೆಲಸದವನು ಬರೆದ, ಅವರ ಮನೆ ಬಾಗಿಲು ನಿಲ್ಲದೆ ಅಪ್ಪನ ಒಂಟಿ ಚಪ್ಪಲಿ ಅಡ್ಡ ಇಡುತ್ತಿದ್ದರಂತೆ. ಅಪ್ಪ ಹೋದ ಮೇಲೂ ಚಪ್ಪಲಿ ಅಲ್ಲೇ ಇದೆಯಂತೆ. ಒಬ್ಬ ನರ್ಸಮ್ಮ ನಲ್ಲಿಗೆ ಕಟ್ಟಿದ ಬಟ್ಟೆಯ ಬಣ್ಣ ನೆನೆದು ಬರೆದಳು. ಹಡಗಿನ ಅಡುಗೆಯವನೊಬ್ಬ ದಿನಾ ಬಂದು ಕೇಳುತ್ತಿದ್ದ, "ಇವತ್ತು ಚಮಚ ಏನಂತು?"

ಅಕ್ಕನೂ ಕೇಳುತ್ತಿದ್ದಳು. ದಿನಕ್ಕೊಂದೇ ಪ್ರಶ್ನೆ, ಮಧ್ಯಾಹ್ನದ ಬಿಡುವಿನಲ್ಲಿ. "ಮೆಟ್ಟಿಲಿನ ಮೂರನೇ ಹಲಗೆ ಇನ್ನೂ ಕಿರುಗುಟ್ಟುತ್ತಾ?" ಅದು ನಿಜ, ಕಿರುಗುಟ್ಟುತ್ತಿತ್ತು. "ಅಜ್ಜಿ ಮೇಲೆ ಹತ್ತೋವಾಗ ಮಂಡಿ ಹಿಡ್ಕೊಳ್ಳುತ್ತಾ?" ಅಜ್ಜಿ ಮೆಟ್ಟಿಲು ಹತ್ತಿ ಎಂಟು ತಿಂಗಳಾಗಿತ್ತು. ನಾನು ಬರೆದೆ, "ಹತ್ತುವಾಗ ಮೂರನೇ ಹಲಗೆಯ ಮೇಲೆ ನಿಂತು ಅದಕ್ಕೂ ತನಗೂ ಒಂದೇ ವಯಸ್ಸು ಅನ್ನುತ್ತಾಳೆ." ಅರವತ್ತು ಮೆಚ್ಚುಗೆ.

ಅಣ್ಣ ಊಟಕ್ಕೆ ಕೂತಾಗ ಅದನ್ನು ಗಟ್ಟಿಯಾಗಿ ಓದಿ ನಕ್ಕ. "ಲೇ ಕಥೆಬುರುಕಿ, ಅಂಟಲ್ಲಿ ಗಂಟು ಬಿಟ್ಟಿದ್ದೀಯ ಇವತ್ತು. ನಾಲ್ಕು ಲೆಡ್ಜರ್ ಬೆನ್ನು ಉಬ್ಬಿದೆ. ಇಲ್ಲಿ ಬಿಟ್ಟ ಗಮನ ಎಲ್ಲ ಅಲ್ಲಿ ಹಾಕ್ತಿದೀಯಲ್ಲ!"

ಅತ್ತಿಗೆ ನಗಲಿಲ್ಲ. ಅವಳ ತಟ್ಟೆಗೆ ಅಮ್ಮ ಎರಡನೇ ಸಲ ಸೊಪ್ಪು ಬಡಿಸಹೋದಾಗ ಕೈ ಅಡ್ಡ ಹಿಡಿದಳು.

"ಅತ್ತೆ, ಒಂದು ಮಾತು. ಆ ಕೋಣೆ ನಾನು ಕೇಳಿದ್ನಾ?"

"ಯಾರಮ್ಮ ಹಾಗಂದಿದ್ದು?"

"ಯಾರೂ ಅಂದಿಲ್ಲ. ನಾಳೆ ಅವರಿಗೆ ಗೊತ್ತಾದ ದಿನ ಎಲ್ಲರೂ ನನ್ನ ಕಡೆ ಬೆರಳು ತೋರಿಸ್ತೀರ. ಬೀರು ಬಂದಿದ್ದು ನನ್ನ ತವರಿಂದ, ಕಿಟಕಿ ಹೋಗಿದ್ದು ನನ್ನಿಂದ ಅಂತ. ಈಗಲೇ ನಿಜ ಹೇಳಿಬಿಡಿ. ಅವರು ಬರೋದಾದ್ರೆ ಬರಲಿ, ಹೆರಿಗೆಗೆ ನಾನು ಅಮ್ಮನ ಮನೆಗೆ ಹೋಗ್ತೀನಿ, ಕೋಣೆ ಖಾಲಿ ಆಗುತ್ತೆ."

"ಹೋದವಳು ವಾಪಸ್ ಬರ್ತೀಯಾ?" ಅಮ್ಮ ಸೌಟು ಹಿಡಿದೇ ಕೇಳಿದಳು.

ಅತ್ತಿಗೆ ಅಣ್ಣನನ್ನು ನೋಡಿದಳು. ಅಣ್ಣ ನೀರು ಕುಡಿದ. ಅಪ್ಪ ತಟ್ಟೆಯ ಅಂಚಿಗೆ ಕೈ ಒತ್ತಿ ನಡುಕ ನಿಲ್ಲಿಸುತ್ತಾ, "ಊಟ ಮಾಡೋವಾಗ ಯಾಕೆ ಇದೆಲ್ಲ" ಅಂದರು. ಅಲ್ಲಿಗೆ ಮುಗಿಯಿತು.

ನಾಲ್ಕನೇ ವಾರದ ಮೊದಲ ದಿನ ಅಕ್ಕ ಬರೆದಳು: "ಪುಟ್ಟಿ, ಒಂದು ಫೋಟೋ ಹಾಕೇ. ಕಿಟಕಿ, ಚಮಚ. ಅಷ್ಟು ಸಾಕು. ನೋಡಿ ತೀರ್ಮಾನ ಮಾಡ್ತೀನಿ." ಕೆಳಗೆ ಸಾಲುಗಟ್ಟಿ ಬಂತು, "ನಮಗೂ ಬೇಕು", "ನಮಗೂ ತೋರಿಸಿ".

ಓದಿ ಹೇಳಿದಾಗ ಅಮ್ಮ ಕಾಗದದ ಚೂರುಗಳನ್ನು ಗುಡಿಸುತ್ತಿದ್ದಳು. ಪೊರಕೆ ಮೂಲೆಗಿಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಅಡುಗೆಮನೆ ಕಿಟಕೀನೂ ಅದೇ ಮರದ್ದೇ ಅಲ್ವಾ? ಬಣ್ಣಾನೂ ಅದೇ."

"ಅದಕ್ಕೆ ಸರಿಯಾದ ಅಗುಳಿ ಇದೆಯಲ್ಲಮ್ಮ."

"ತೆಗೆದ್ರೆ ಆಯ್ತು. ರೀ, ಬನ್ನಿ ಇಲ್ಲಿ!"

ಅಪ್ಪ ತಿರುಪುಳಿ ತಂದರು. ಯಾಕೆ ಏನು ಅಂತ ಕೇಳಲಿಲ್ಲ. ಅವರ ಕೈ ನಡುಗಿ ತಿರುಪುಳಿ ಜಾರಿ ಜಾರಿ ಮರಕ್ಕೆ ಗೀರು ಬಿತ್ತು. ಅಣ್ಣ ಬಂದು ಕಿತ್ತುಕೊಂಡು ತಾನೇ ಬಿಚ್ಚಿದ. ಹಳೆಯ ಮರ, ತಿರುಪಿನ ಜೊತೆ ಪುಡಿಪುಡಿಯಾಗಿ ಹೊರಬಂತು. ಅಗುಳಿಯ ಎರಡು ಬಳೆಗಳು ಮಾತ್ರ ಉಳಿದವು. ಅಮ್ಮ ಅಂಟಿನ ಪಾತ್ರೆಯಿಂದ ಚಮಚ ತೆಗೆದು ಬಿಸಿನೀರಿನಲ್ಲಿ ನೆನೆಸಿ, ಬೂದಿ ಹಾಕಿ ತಿಕ್ಕತೊಡಗಿದಳು. ಒಣಗಿದ ಅಂಟು ಸಿಪ್ಪೆಸಿಪ್ಪೆಯಾಗಿ ಬಿಟ್ಟಿತು. ಕಬ್ಬಿಣದ ಹಳೇ ಚಮಚ ಅದು, ಮೇಲಿನ ಹೊಳಪು ಯಾವಾಗಲೋ ಹೋಗಿತ್ತು. ಎಂಟು ತಿಂಗಳು ಮೈಲುತುತ್ತದಲ್ಲಿ ಮುಳುಗೆದ್ದು ಹಿಡಿಯವರೆಗೂ ತಾಮ್ರದ ಕೆಂಪು ಹತ್ತಿತ್ತು. ಅಮ್ಮ ತಿಕ್ಕಿಯೇ ತಿಕ್ಕಿದಳು.

ಎಲ್ಲರೂ ಅತ್ತ ಓಡಾಡುವುದು ಕಂಡು ಅಜ್ಜಿ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಬಿಚ್ಚಿದ ಅಗುಳಿ, ಅಮ್ಮನ ಕೈಯಲ್ಲಿನ ಚಮಚ, ನನ್ನ ಕೈಯಲ್ಲಿನ ಫೋನು, ಎಲ್ಲವನ್ನೂ ಒಂದೊಂದಾಗಿ ನೋಡಿದಳು. ಅವಳ ಕಿವಿ ಮಂದ, ಕಣ್ಣು ಚುರುಕು.

"ಏನಿದು?"

"ಏನಿಲ್ಲ ಅತ್ತೆ, ಫೋಟೋ ಕೇಳಿದಾಳೆ, ಕಳಿಸ್ತಿದೀವಿ" ಅಂದಳು ಅಮ್ಮ, ಗಟ್ಟಿಯಾಗಿ.

"ಅಂಟಿಗೆ ಬಿದ್ದ ಚಮಚದ ಫೋಟೋ ತೆಗೆಯೋಕೆ ತೊಳೀಬೇಕಾ?"

ಅಮ್ಮ ಚಮಚವನ್ನು ಸೆರಗಿನಿಂದ ಒರೆಸಿದಳು. ಅಜ್ಜಿ ನನ್ನ ಕಡೆ ತಿರುಗಿದಳು. "ನಾನು ಹೇಳಿದ್ದು ಬರೀಲಿಲ್ವಾ ನೀನು?"

"ಬರೆದಿದ್ದೆ ಅಜ್ಜಿ. ಆಮೇಲೆ..."

"ನನಗೆ ಓದಿ ಹೇಳಿದ್ಯಲ್ಲ, ಅರ್ಧ ಹಾಸಿಗೆ ಅಂತ. ದಿನಾ ಕೇಳಿದ್ರೆ ದಿನಾ ಓದಿದ್ಯಲ್ಲ."

"ಅತ್ತೆ, ನೀವು ಸುಮ್ನಿರಿ, ನಿಮಗೆ ಗೊತ್ತಾಗಲ್ಲ" ಅಂದಳು ಅಮ್ಮ. "ನಿಮ್ಮ ಕಥೆ ಕೇಳಿ ಕೇಳಿಯೇ ಇದು ಹೀಗಾಗಿರೋದು. ಹುಟ್ಟಿದಾಗಿಂದ ಕಥೆ, ಕಥೆ. ಈಗ ಒಂದು ಉಪಯೋಗಕ್ಕೆ ಬಂತು ಅಂದ್ಕೊಳ್ಳಿ."

"ನಾನು ಕಥೆ ಅಂತ ಹೇಳಿ ಕಥೆ ಹೇಳ್ತಿದ್ದೆ ಕಣಮ್ಮ" ಅಂದಳು ಅಜ್ಜಿ. ಮತ್ತೆ ಗೋಡೆ ಹಿಡಿದುಕೊಂಡು ವಾಪಸ್ ಹೋದಳು.

ಚಮಚದ ಹಿಡಿಯನ್ನು ಬಳೆಗಳ ನಡುವೆ ಸಿಕ್ಕಿಸಿ, ಪಾತ್ರೆಗಳು ಕಾಣದ ಹಾಗೆ ಹತ್ತಿರ ಹೋಗಿ, ನಾಲ್ಕು ಫೋಟೋ ತೆಗೆದೆ. ಮೂರನೆಯದು ಚೆನ್ನಾಗಿ ಬಂದಿತ್ತು. ಚಮಚದ ಕೆಂಪಿನ ಮೇಲೆ ಬಿಸಿಲು ಬಿದ್ದು ಸಂಜೆಯ ಹಾಗೆ ಕಾಣುತ್ತಿತ್ತು. ಹಾಕಿದೆ. ಮುನ್ನೂರು ಮೆಚ್ಚುಗೆ. ಹಡಗಿನವನು ಬರೆದ, "ಈಗ ನಿದ್ದೆ ಬರುತ್ತೆ."

ಅಕ್ಕ ಅದಕ್ಕೆ ಏನೂ ಬರೆಯಲಿಲ್ಲ. ಮಾರನೆಯ ದಿನವೂ ಇಲ್ಲ. ಕರೆ ಮಾಡಿದರೆ ಎತ್ತಲಿಲ್ಲ. "ಸಂತೋಷಕ್ಕೆ ಮಾತು ಬಂದಿರಲ್ಲ" ಅಂದಳು ಅಮ್ಮ, ಆದರೆ ಅವತ್ತು ಬೇಳೆಗೆ ಎರಡು ಸಲ ಉಪ್ಪು ಹಾಕಿದ್ದಳು. ಎರಡು ದಿನ ಬಿಟ್ಟು ಅಣ್ಣ ಅಡುಗೆಮನೆಯ ಅಗುಳಿ ಮತ್ತೆ ಕೂರಿಸಲು ಹೋದ. ಮರ ಪುಡಿಯಾಗಿತ್ತು, ತಿರುಪು ನಿಲ್ಲಲಿಲ್ಲ. "ಇರಲಿ ಬಿಡು, ಚಮಚಾನೇ ಸಾಕು" ಎಂದು ಬೈದುಕೊಂಡು ಎದ್ದ. ಅಂಟು ತಿರುವಲು ಅಪ್ಪ ಒಂದು ಮರದ ತುಂಡು ಕೆತ್ತಿ ಕೊಟ್ಟರು.

ನಾಲ್ಕನೆಯ ದಿನ ಅಕ್ಕನಿಂದ ನನಗೊಬ್ಬಳಿಗೇ ಸಂದೇಶ ಬಂತು. ಮೊದಲು ಒಂದು ಚಿತ್ರ. ನನ್ನ ಉತ್ತರದ್ದೇ. ಮೇಲೆ ಬಿಸಿಲು ಬೀಳುವ ದಿಂಬು, ಕೆಳಗೆ ನಾನು ಅಳಿಸಿದೆ ಅಂದುಕೊಂಡಿದ್ದ ಮೊದಲಿನ ಮಾತು ಪೂರ್ತಿ, ಒಂದಕ್ಷರ ಬಿಡದೆ, ಬರೆದ ಹೊತ್ತಿನ ಸಮೇತ. ಆ ಸಣ್ಣ ಬೂದು ಅಕ್ಷರದ 'ತಿದ್ದಲಾಗಿದೆ' ಮೇಲೆ ಬೆರಳಿಟ್ಟರೆ ಮೊದಲು ಏನಿತ್ತೆಂಬುದೆಲ್ಲ ತೆರೆದುಕೊಳ್ಳುತ್ತದಂತೆ. ಗುಂಪಿನ ನಲವತ್ತು ಸಾವಿರ ಜನಕ್ಕೂ ತೆರೆದುಕೊಳ್ಳುತ್ತಿತ್ತು. ಬೆರಳಿಟ್ಟವಳು ಅವಳೊಬ್ಬಳೇ ಇರಬೇಕು.

ಕೆಳಗೆ ಬರೆದಿದ್ದಳು: "ಮೊದಲ ದಿನವೇ ಓದಿದೆ ಕಣೆ. ಮಧ್ಯಾಹ್ನದ ಬಿಡುವಲ್ಲಿ. ಸಿಟ್ಟು ಬರಲಿಲ್ಲ. ಅರ್ಧ ಹಾಸಿಗೆ ಅಂದಿದ್ದು ಓದಿ ಪೆಟ್ಟಿಗೆ ಕೆಳಗಿಳಿಸಿದ್ದೆ. ಅಷ್ಟು ಸಾಕಾಗಿತ್ತು ನನಗೆ. ಮತ್ತೆ ಯಾಕೆ ತಿದ್ದಿದಳು ಅಂತ ದಿನಾ ಒಂದೊಂದು ಕೇಳ್ತಾ ಬಂದೆ. ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ. ನೀವು ಚಮಚ ತೊಳೆದು ಕೂರಿಸಿದ್ರಿ. ಪುಸ್ತಕ ಕಟ್ಟೋರ ಮನೆ ಹುಡುಗಿ ನಾನು, ಮೈಲುತುತ್ತದ ಕೆಂಪು ನನಗೆ ಗೊತ್ತಾಗಲ್ವಾ? ನಾನು ಬರದೇ ಇರೋಕೆ ಮನೆಮಂದಿಯೆಲ್ಲ ಸೇರಿ ಇಷ್ಟು ಕಷ್ಟಪಟ್ಟಿದೀರಲ್ಲ, ಅದಕ್ಕೆ ಸಹಿ ಹಾಕಿದೆ. ಎರಡು ವರ್ಷ. ಅಜ್ಜಿಗೆ ಮೊದಲನೇದನ್ನೇ ಓದಿ ಹೇಳು. ಮೊದಲನೇದು ಚೆನ್ನಾಗಿತ್ತು."

ಅಮ್ಮನಿಗೆ ನಾನು ಓದಿ ಹೇಳಲಿಲ್ಲ. ಫೋನನ್ನೇ ಕೈಗೆ ಕೊಟ್ಟೆ. ಮೆಟ್ಟಿಲಿನ ಮೂರನೇ ಹಲಗೆಯ ಮೇಲೆ ಕೂತು ತುಟಿ ಅಲ್ಲಾಡಿಸುತ್ತಾ ಓದಿದಳು. ಬಹಳ ಹೊತ್ತು ಹಿಡಿಯಿತು. ಓದಿ ಮುಗಿದ ಮೇಲೆ, "ಸಹಿ ಹಾಕಿದ್ಲಂತಲ್ಲ" ಅಂದಳು.

"ಹೂಂ. ನಿಂಗೆ ಬೇಕಿದ್ದೂ ಅದೇ ಅಲ್ವಾ" ಅಂದೆ.

ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿಲ್ಲ. "ಹೌದು" ಎಂದು ಎದ್ದು ಒಳಗೆ ಹೋದಳು.

ಅತ್ತಿಗೆ ಏಳನೇ ತಿಂಗಳಿಗೇ ತವರಿಗೆ ಹೊರಟಳು. ಬೀರಿನ ಬೀಗದ ಕೈ ಜೊತೆಗೇ ಒಯ್ದಳು. ಅಣ್ಣ ಕೆಲಸ ಮುಗಿಸಿ ಅಲ್ಲಿಗೇ ಹೋಗುತ್ತಾನೆ, ಬೆಳಿಗ್ಗೆ ಬರುತ್ತಾನೆ. ಮೇಲಿನ ಕೋಣೆ ಖಾಲಿ. ಅಜ್ಜಿಯನ್ನು ಮೇಲೆ ಕರೆದುಕೊಂಡು ಹೋಗೋಣವೆಂದು ನಾನು ಕೈ ಹಿಡಿದಾಗ ಬಿಡಿಸಿಕೊಂಡಳು. "ಗೋಡೆ ನೋಡ್ಕೊಂಡು ಮಲಗೋಕೆ ಇಲ್ಲೇ ಇದೆಯಲ್ಲ" ಅಂದಳು. ಹಾಸಿಗೆಯ ಒಂದು ಮಗ್ಗುಲಿಗೆ ಸರಿದೇ ಮಲಗುತ್ತಾಳೆ. ನನಗೆ ಕಥೆ ಹೇಳುವುದನ್ನು ನಿಲ್ಲಿಸಿದ್ದಾಳೆ. ಕೇಳಿದರೆ, "ನೀನೇ ಹೇಳ್ತೀಯಲ್ಲ ಈಗ, ಮುನ್ನೂರು ಜನ ಕೇಳ್ತಾರೆ" ಅನ್ನುತ್ತಾಳೆ.

ಒಂದು ದಿನ ಅಮ್ಮ ಕೈ ಒರೆಸಿಕೊಳ್ಳುತ್ತಾ ನನ್ನ ಬಳಿ ಬಂದು ಕೂತಳು.

"ಅವಳು ಬರೆದಿದ್ಲಲ್ಲ, ಅದರ ಕೆಳಗೆ ನಾನೂ ಬರೀಬಹುದಾ?"

"ನನ್ನ ಕೈಯಲ್ಲಿ ಹೇಳು, ಬರೀತೀನಿ."

"ನೀನು ಬೇಡ. ಎಲ್ಲಿ ಒತ್ತಬೇಕು ಹೇಳು, ನಾನೇ ಬರೀತೀನಿ. ಆಮೇಲೆ ತಿದ್ದಬೇಡ."

ನನ್ನ ಫೋನಿನಲ್ಲೇ ಅವಳಿಗೊಂದು ಖಾತೆ ಮಾಡಿ, ಗುಂಪಿಗೆ ಸೇರಿಸಿ, ಆ ಬರಹದ ಕೆಳಗಿನ ಖಾಲಿ ಜಾಗ ತೋರಿಸಿದೆ. ಅಷ್ಟರಲ್ಲಿ ಇನ್ನೂರಕ್ಕೂ ಹೆಚ್ಚು ಉತ್ತರಗಳಾಗಿದ್ದವು. ಅಮ್ಮ ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಒತ್ತಿದಳು. ಎರಡೇ ಮಾತು.

"ಊಟ ಆಯ್ತಾ?"

ಕಳಿಸಿ, ಫೋನನ್ನು ರಟ್ಟಿನ ರಾಶಿಯ ಮೇಲಿಟ್ಟು, ಎದುರಿಗೇ ಕೂತಳು. ಸ್ವಲ್ಪ ಹೊತ್ತಿಗೇ ಫೋನು ಟಿಂಗ್ ಅಂದಿತು. ಅಮ್ಮ ಬೆಚ್ಚಿಬಿದ್ದು ಹತ್ತಿರ ಬಗ್ಗಿದಳು.

"ಅವಳೇನಾ? ಓದೇ, ಬೇಗ ಓದು."

ಹಡಗಿನ ಅಡುಗೆಯವನು. "ಆಯ್ತಮ್ಮ. ನಿಮ್ಮದು?" ಅಂತ ಬರೆದಿದ್ದ.

ಮತ್ತೆ ಟಿಂಗ್. ನರ್ಸಮ್ಮ. "ಇನ್ನೂ ಇಲ್ಲಮ್ಮ, ಪಾಳಿ ಮುಗಿದ ಮೇಲೆ." ಗಾರೆ ಕೆಲಸದವನು, "ಬ್ರೆಡ್ಡು ತಿಂದೆ ಅಮ್ಮ, ಯಾರಾದ್ರೂ ಕೇಳಿ ಆರು ವರ್ಷ ಆಯ್ತು." ಯಾರ್ಯಾರೋ, ಯಾವ್ಯಾವ ದೇಶದಿಂದಲೋ, ಆಯ್ತಮ್ಮ, ಇಲ್ಲಮ್ಮ, ಈಗ ಮಾಡ್ತೀನಮ್ಮ ಅಂತ ಬರೆಯುತ್ತಲೇ ಹೋದರು. ಅಮ್ಮ ಪ್ರತಿ ಸಲವೂ "ಅವಳಾ?" ಅನ್ನುತ್ತಿದ್ದಳು, ನಾನು ಪ್ರತಿ ಸಲವೂ ಅಲ್ಲ ಅನ್ನುತ್ತಿದ್ದೆ. ಅಡುಗೆಮನೆಯಲ್ಲಿ ಗಾಳಿಗೆ ಚಮಚ ಕಟಕಟ ಅಂದಿತು. ಹಾಸಿಗೆಯಿಂದ ಅಜ್ಜಿ ಅದಕ್ಕೆ ಬೈಯಲಿಲ್ಲ. ಅವಳಿಗೆ ಕೇಳಿಸಿರಲಿಕ್ಕಿಲ್ಲ.

ಅಕ್ಕನ ಮಧ್ಯಾಹ್ನದ ಬಿಡುವು ದಾಟಿತು. ನೂರನಾಲ್ಕನೆಯದು ಬಂದಾಗ ಅಮ್ಮ ಕೇಳುವುದನ್ನು ನಿಲ್ಲಿಸಿ, ಹಡಗಿನವನಿಗೆ ಉತ್ತರ ಬರೆಯಲು ಎಲ್ಲಿ ಒತ್ತಬೇಕು ಎಂದಳು. ತೋರಿಸಿದೆ.

"ನಮ್ಮದೂ ಆಯ್ತಪ್ಪ" ಎಂದು ಬರೆದಳು. ಅವತ್ತು ಅಡುಗೆಗೆ ಇನ್ನೂ ಒಲೆ ಹಚ್ಚಿರಲಿಲ್ಲ.